ಚೀಟಿಗೆ ಸಿಗದ ಪ್ರಶ್ನೆ

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕರ್ನಾಟಕ ಒಂದು ಹೊಸ ಕ್ರಮಕ್ಕೆ ಕೈ ಹಾಕಿತು. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು, ಒಳಗೆ ನಡೆಯುವುದನ್ನು ಹೊರಗಿನ ಅಧಿಕಾರಿಗಳು ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂತು. ಹಿಂದಿನ ವರ್ಷ ಶೇ 83.89ರಷ್ಟಿದ್ದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಮಿತಿಯನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಆ ಹೆಚ್ಚುವರಿ ಕೃಪಾಂಕ ಇಲ್ಲದಿದ್ದರೆ ಇನ್ನೂ ಲಕ್ಷಕ್ಕೂ ಹೆಚ್ಚು ಮಕ್ಕಳು ನಪಾಸಾಗುತ್ತಿದ್ದರು.

ಒಂದೇ ವರ್ಷದಲ್ಲಿ ಅಷ್ಟೊಂದು ಮಕ್ಕಳು ದಡ್ಡರಾಗಿರಲು ಸಾಧ್ಯವಿಲ್ಲ. ಫಲಿತಾಂಶ ಕುಸಿಯಲು ಬೇರೆ ಕಾರಣಗಳೂ ಸೇರಿರಬಹುದು, ಆದರೆ ಹಿಂದಿನ ವರ್ಷಗಳ ಫಲಿತಾಂಶದಲ್ಲಿ ನಕಲಿನ ಪಾಲು ಸಣ್ಣದಾಗಿರಲಿಲ್ಲ ಎಂಬುದನ್ನು ಆ ವರ್ಷ ಇಡೀ ರಾಜ್ಯ ಕಂಡಿತು. ಕ್ಯಾಮೆರಾ ಒಳ್ಳೆಯದೇ ಮಾಡಿತು. ಆದರೂ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕ್ಯಾಮೆರಾ ಮಕ್ಕಳ ಕೈ ಕಟ್ಟಿಹಾಕಿತು, ಸರಿ. ಅವರ ಮುಂದಿದ್ದ ಪ್ರಶ್ನೆಪತ್ರಿಕೆ ಮಾತ್ರ ಹಾಗೇ ಇತ್ತು. ಗೈಡ್ ನೋಡಿ ಬರೆದರೆ ಪೂರ್ತಿ ಅಂಕ ಸಿಗುವಂಥ ಪ್ರಶ್ನೆಗಳನ್ನು ಕೊಟ್ಟು, ಯಾರೂ ಗೈಡ್ ನೋಡಬಾರದೆಂದು ಕಾವಲು ಕೂರುವುದೇ ನಮ್ಮ ಪರೀಕ್ಷೆಯ ಪದ್ಧತಿಯಾಗಿಬಿಟ್ಟಿದೆ. ಕಾವಲು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಹಾವೇರಿಯ ಉದಾಹರಣೆ ಇದೆ. 2019ರ ಅಕ್ಟೋಬರಿನಲ್ಲಿ ಅಲ್ಲಿನ ಒಂದು ಪಿಯು ಕಾಲೇಜು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆ ತೊಡಿಸಿ ಪರೀಕ್ಷೆ ಬರೆಸಿತು. ಅಕ್ಕಪಕ್ಕ ಕಣ್ಣು ಹಾಯಿಸಬಾರದೆಂದು ಪೆಟ್ಟಿಗೆಯ ಮುಂಭಾಗ ಮಾತ್ರ ಕತ್ತರಿಸಲಾಗಿತ್ತು. ಚಿತ್ರಗಳು ದೇಶವೆಲ್ಲ ಹರಿದಾಡಿದವು, ಇಲಾಖೆ ಮಧ್ಯೆ ಬಂದು ನಿಲ್ಲಿಸಿತು. ಆ ಮಕ್ಕಳ ಮೇಜಿನ ಮೇಲಿದ್ದ ಪ್ರಶ್ನೆಪತ್ರಿಕೆ ಹೇಗಿತ್ತು ಎಂದು ಯಾರೂ ಕೇಳಲಿಲ್ಲ.

ಕಾಪಿ ಹೊಡೆಯುವ ಹುಡುಗ ಕೆಟ್ಟವನು, ಹೊಡೆಯದವನು ಒಳ್ಳೆಯವನು ಎಂದು ನಾವು ಸುಲಭವಾಗಿ ವಿಂಗಡಿಸುತ್ತೇವೆ. ಈ ನಂಬಿಕೆ ಎಷ್ಟು ಗಟ್ಟಿ ಎಂಬುದನ್ನು ಅಮೆರಿಕದ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬ ಇಬ್ಬರು 1920ರ ದಶಕದಲ್ಲಿ ಸುಮಾರು 11 ಸಾವಿರ ಶಾಲಾಮಕ್ಕಳ ಮೇಲೆ ಪರೀಕ್ಷಿಸಿ ನೋಡಿದರು. ಅವರ ಒಂದು ವಿಧಾನ ಹೀಗಿತ್ತು. ಮಕ್ಕಳಿಗೆ ಪರೀಕ್ಷೆ ಕೊಟ್ಟು, ಉತ್ತರಪತ್ರಿಕೆ ತೆಗೆದುಕೊಂಡು ಹೋಗಿ ಗುಟ್ಟಾಗಿ ಪ್ರತಿ ಮಾಡಿಟ್ಟುಕೊಳ್ಳುವುದು. ಮರುದಿನ ಮೂಲ ಪತ್ರಿಕೆಯನ್ನು ಮಕ್ಕಳಿಗೇ ಮರಳಿಸಿ, ಸರಿ ಉತ್ತರದ ಪಟ್ಟಿಯನ್ನೂ ಕೊಟ್ಟು, ನೀವೇ ಅಂಕ ಹಾಕಿಕೊಳ್ಳಿ ಎನ್ನುವುದು. ಯಾರು ಯಾವ ಉತ್ತರವನ್ನು ತಿದ್ದಿಕೊಂಡರು ಎಂಬುದು ಪ್ರತಿಯೊಂದಿಗೆ ಹೋಲಿಸಿದಾಗ ಬಯಲಾಗುತ್ತಿತ್ತು. ತರಗತಿಯಲ್ಲಿ, ಮನೆಯಲ್ಲಿ, ಆಟದಲ್ಲಿ ಹೀಗೆ ಬೇರೆ ಬೇರೆ ಸಂದರ್ಭಗಳನ್ನು ಒಡ್ಡಿ ನೋಡಿದ ಮೇಲೆ 1928ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡಿಯೇ ಮಾಡುತ್ತದೆ ಎನ್ನುವಂತಿರಲಿಲ್ಲ. ಸದಾ ಪ್ರಾಮಾಣಿಕರು, ಸದಾ ಮೋಸಗಾರರು ಎಂಬ ಎರಡು ಗುಂಪು ಅವರಿಗೆ ಸಿಗಲಿಲ್ಲ. ಮಗು ಏನು ಮಾಡುತ್ತದೆ ಎಂಬುದು ಬಹುಮಟ್ಟಿಗೆ ಆ ಹೊತ್ತಿನ ಸಂದರ್ಭವನ್ನು ಅವಲಂಬಿಸಿತ್ತು.

ಆ ಸಂದರ್ಭ ನಮ್ಮ ಶಾಲೆಯಲ್ಲಿ ಹೇಗಿದೆ ನೋಡೋಣ. ಹತ್ತನೇ ತರಗತಿಯ ಡಿಸೆಂಬರು ಮುಗಿಯುತ್ತಿದ್ದಂತೆ ಮಕ್ಕಳನ್ನು ಎರಡು ಗುಂಪು ಮಾಡುತ್ತಾರೆ. ಪಾಸಾಗುವುದೇ ಕಷ್ಟ ಎನಿಸಿದವರ ಕೈಗೆ ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ. ಪ್ರತಿ ಪಾಠದಿಂದ ಬರಲೇಬೇಕಾದ ನಾಲ್ಕಾರು ಪ್ರಶ್ನೆ, ಅವುಗಳಿಗೆ ಸಿದ್ಧ ಉತ್ತರ, ಇಷ್ಟು ಬರೆದರೆ ಸಾಕು ಎಂಬ ಭರವಸೆ. ಅದನ್ನು ತಯಾರಿಸುವ ಶಿಕ್ಷಕರು ಮಕ್ಕಳ ಹಿತವನ್ನೇ ಬಯಸುವವರು. ಶಾಲೆಯ ಫಲಿತಾಂಶ ಇಳಿದರೆ ಮೇಲಿನವರಿಗೆ ಸಮಜಾಯಿಷಿ ಬರೆದುಕೊಡಬೇಕಾದವರೂ ಅವರೇ. ಆದರೆ ಆ ಪ್ಯಾಕೇಜು ಮಗುವಿಗೆ ಮಾತಿಲ್ಲದೆ ಒಂದು ಸಂಗತಿಯನ್ನು ಕಲಿಸುತ್ತದೆ: ಪಾಠ ಅರ್ಥವಾಗಬೇಕಿಲ್ಲ, ಈ ಸಾಲುಗಳು ಹಾಳೆಯ ಮೇಲೆ ಇಳಿದರೆ ಸಾಕು. ಬಾಯಿಪಾಠ ಮಾಡಿ ಇಳಿಸಿದರೇನು, ಚೀಟಿ ನೋಡಿ ಇಳಿಸಿದರೇನು? ಅರ್ಥವಾಗದ ಸಾಲನ್ನು ತಲೆಯಲ್ಲಿ ಹೊತ್ತು ಬರುವುದಕ್ಕೂ ಜೇಬಿನಲ್ಲಿ ಹೊತ್ತು ಬರುವುದಕ್ಕೂ ಆ ಮಗುವಿನ ಮಟ್ಟಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗನೊಬ್ಬ ನನ್ನ ಹತ್ತಿರ ಹೇಳಿದ್ದೂ ಅದನ್ನೇ. ‘ಸರ್, ಎಲ್ಲಾ ಓದೇ ಬಂದಿದ್ದೆ ಸರ್, ಎರಡೇ ಎರಡು ಬಾಯಿಪಾಠ ಆಗ್ಲಿಲ್ಲ, ಅದಕ್ಕೇ.’ ತಾನು ದೊಡ್ಡ ತಪ್ಪು ಮಾಡಿದೆ ಎಂಬ ಭಾವ ಅವನ ಮುಖದಲ್ಲಿರಲಿಲ್ಲ. ಸಿಕ್ಕಿಬಿದ್ದೆ ಎಂಬ ಭಯ ಮಾತ್ರ ಇತ್ತು.

ಎರಿಕ್ ಆಂಡರ್‌ಮನ್ ಮತ್ತು ಅವರ ಸಂಗಡಿಗರು 1998ರಲ್ಲಿ ಅಮೆರಿಕದ ಮಾಧ್ಯಮಿಕ ಶಾಲೆಯ ವಿಜ್ಞಾನ ತರಗತಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ನಮ್ಮ ಶಾಲೆಗೆ, ನಮ್ಮ ತರಗತಿಗೆ ಅಂಕವೇ ಮುಖ್ಯ ಎಂದು ಭಾವಿಸಿದ ಮಕ್ಕಳಲ್ಲಿ ನಕಲು ಮಾಡಿದ್ದಾಗಿ ಒಪ್ಪಿಕೊಂಡವರು ಹೆಚ್ಚು. ಇಲ್ಲಿ ಕಲಿಯುವುದೇ ಮುಖ್ಯ ಎಂದು ಭಾವಿಸಿದವರಲ್ಲಿ ಕಡಿಮೆ. ಇದಕ್ಕೆ ಇನ್ನೂ ಮೂರು ಸಂಗತಿ ಸೇರಿದರೆ ಚೀಟಿ ಜೇಬಿಗೆ ಇಳಿದಂತೆಯೇ: ಇದೊಂದೇ ಅವಕಾಶ ಎಂಬ ಒತ್ತಡ, ಎಲ್ಲರೂ ಮಾಡುತ್ತಿದ್ದಾರೆ ಎಂಬ ನಂಬಿಕೆ, ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯ. 2023–24ರಿಂದ ಕರ್ನಾಟಕ ಪೂರಕ ಪರೀಕ್ಷೆಯ ಬದಲು ವರ್ಷಕ್ಕೆ ಮೂರು ಪರೀಕ್ಷೆ ನಡೆಸಿ, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಲು ಅವಕಾಶ ಕೊಟ್ಟಿದ್ದು ಮೊದಲನೆಯದನ್ನು ಸಡಿಲಿಸಿತು. ಕ್ಯಾಮೆರಾ ಕೊನೆಯದನ್ನು ಮುರಿಯಿತು. ಉಳಿದಿರುವುದು ಪ್ರಶ್ನೆ.

ಪ್ರಶ್ನೆಯನ್ನು ಅರಿಯಬೇಕಾದರೆ ಮೊದಲು ಚೀಟಿಯನ್ನು ಗಮನವಿಟ್ಟು ನೋಡಬೇಕು. ಸ್ಕ್ವಾಡ್‌ನವರು ಬಂದು ಹೋದ ಕೇಂದ್ರದ ಕಾಂಪೌಂಡಿನ ಬದಿಯಲ್ಲಿ ಬಿದ್ದಿರುವ ಮೈಕ್ರೋ ಜೆರಾಕ್ಸ್ ತುಂಡೊಂದನ್ನು ಎತ್ತಿ ಓದಿ. ಬೆರಳುದ್ದದ ಕಾಗದ, ಸಾಸಿವೆಯಷ್ಟು ಅಕ್ಷರ. ಅದರಲ್ಲಿ ಏನಿರುತ್ತದೆ? ವ್ಯಾಖ್ಯೆಗಳು, ನಿಯಮಗಳು, ಸೂತ್ರಗಳು, ಎರಡು ವಸ್ತುಗಳ ನಡುವಿನ ವ್ಯತ್ಯಾಸದ ಪಟ್ಟಿ, ಒಪ್ಪಂದದ ನಿಬಂಧನೆಗಳು, ಕಾರಣಗಳು, ಪರಿಣಾಮಗಳು. ಆ ತುಂಡು ಮಾಡಿದ ಹುಡುಗ ಯಾವ ಪ್ರಶ್ನೆಗೆ ಚೀಟಿ ನಡೆಯುತ್ತದೆ, ಯಾವುದಕ್ಕೆ ನಡೆಯುವುದಿಲ್ಲ ಎಂಬುದನ್ನು ಬಹಳ ಚೆನ್ನಾಗಿ ಲೆಕ್ಕ ಹಾಕಿರುತ್ತಾನೆ. ಚೀಟಿಯಲ್ಲಿ ಲೆಕ್ಕದ ಸಮಸ್ಯೆಗಳು ಅಪರೂಪ, ಏಕೆಂದರೆ ಸಂಖ್ಯೆ ಬದಲಾಗುತ್ತದೆ. ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆಯ ಉತ್ತರವೂ ಅಪರೂಪ, ಏಕೆಂದರೆ ಅದು ಯಾವ ಗೈಡಿನಲ್ಲೂ ಒಂದೇ ರೀತಿ ಇರುವುದಿಲ್ಲ.

ಉತ್ತರಪತ್ರಿಕೆಯಲ್ಲೂ ಇದರ ಗುರುತು ಉಳಿಯುತ್ತದೆ. ಮೌಲ್ಯಮಾಪನಕ್ಕೆ ಕೂತವರಿಗೆ ಇದು ಹೊಸದಲ್ಲ. ‘ಮೇಲಿನ ಚಿತ್ರದಲ್ಲಿ ತೋರಿಸಿರುವಂತೆ’ ಎಂದು ಉತ್ತರ ಶುರುವಾಗುತ್ತದೆ, ಆದರೆ ಹಾಳೆಯ ಮೇಲೆ ಚಿತ್ರವೇ ಇರುವುದಿಲ್ಲ. ಪುಸ್ತಕದ ಸಾಲನ್ನು ಚಿತ್ರ ಬಿಟ್ಟು ಇಳಿಸಿದ್ದು ಅಲ್ಲೇ ಗೊತ್ತಾಗುತ್ತದೆ. ಒಂದೇ ಕಟ್ಟಿನ ಹತ್ತಾರು ಪತ್ರಿಕೆಗಳಲ್ಲಿ ಒಂದೇ ಪದ ಒಂದೇ ರೀತಿ ತಪ್ಪಾಗಿರುತ್ತದೆ. ಆದರೂ ಮಾದರಿ ಉತ್ತರದಲ್ಲಿ ಇರುವ ಅಂಶ ಹಾಳೆಯಲ್ಲೂ ಇದ್ದರೆ ಅಂಕ ಕೊಡಲೇಬೇಕು. ಪ್ರಶ್ನೆ ಕೇಳಿದ್ದೇ ಆ ಸಾಲನ್ನು, ಸಾಲು ಬಂದಿದೆ, ಮೌಲ್ಯಮಾಪಕ ಇನ್ನೇನು ಮಾಡಿಯಾನು?

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳಿ. ‘ಓಮ್‌ನ ನಿಯಮವನ್ನು ನಿರೂಪಿಸಿ’ ಎಂಬುದು ಎಲ್ಲರಿಗೂ ಪರಿಚಿತ ಪ್ರಶ್ನೆ. ಉತ್ತರ ಒಂದೇ ಸಾಲು: ತಾಪ ಸ್ಥಿರವಾಗಿದ್ದಾಗ ವಾಹಕದ ತುದಿಗಳ ನಡುವಿನ ವಿಭವಾಂತರ ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ. ಈ ಸಾಲು ಬರೆದವನಿಗೆ ಓಮ್‌ನ ನಿಯಮ ಗೊತ್ತೇ ಇಲ್ಲವೇ ಎಂಬುದು ಈ ಉತ್ತರದಿಂದ ಗೊತ್ತಾಗುವುದಿಲ್ಲ. ಚೀಟಿಗೆ ಇದಕ್ಕಿಂತ ಅನುಕೂಲವಾದ ಪ್ರಶ್ನೆ ಇನ್ನೊಂದಿಲ್ಲ.

ಈಗ ಇದನ್ನು ಬದಲಿಸೋಣ. ಮೊದಲ ಹೆಜ್ಜೆ, ನಿಯಮವನ್ನು ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿಬಿಡುವುದು. ಚೀಟಿಯಲ್ಲಿ ಇರುವುದನ್ನು ನಾವೇ ಕೊಟ್ಟ ಮೇಲೆ ಚೀಟಿಗೆ ಬೆಲೆಯಿಲ್ಲ. ಆಮೇಲೆ ಹೀಗೆ ಕೇಳಬಹುದು: ‘ಒಬ್ಬಳು ವಿದ್ಯಾರ್ಥಿನಿ ಒಂದು ರೋಧಕಕ್ಕೆ 1, 2, 3, 4, 5 ವೋಲ್ಟ್ ಕೊಟ್ಟು ಅಳೆದಾಗ ಪ್ರವಾಹ ಕ್ರಮವಾಗಿ 0.2, 0.4, 0.6, 0.9, 1.0 ಆಂಪಿಯರ್ ಬಂತು. ಯಾವ ಅಳತೆಯ ಮೇಲೆ ಸಂಶಯ ಬರುತ್ತದೆ? ಅದು ಎಷ್ಟಿರಬೇಕಿತ್ತು? ಹೇಗೆ ಹೇಳುವಿರಿ?’ ನಿಯಮ ಅರ್ಥವಾದ ಮಗು ಪ್ರತಿ ಜೋಡಿಯನ್ನೂ ಭಾಗಿಸಿ ನೋಡುತ್ತದೆ. ನಾಲ್ಕು ಕಡೆ 5 ಓಮ್ ಬರುತ್ತದೆ, 4 ವೋಲ್ಟಿನ ಕಡೆ ಮಾತ್ರ ಬರುವುದಿಲ್ಲ. ಅಲ್ಲಿ 0.8 ಇರಬೇಕಿತ್ತು. ಇಷ್ಟಕ್ಕೆ ಒಂದು ನಿಮಿಷ ಸಾಕು. ನಿಯಮವನ್ನು ಅಕ್ಷರ ತಪ್ಪದೆ ಬಾಯಿಪಾಠ ಮಾಡಿ ಅರ್ಥ ಬಿಟ್ಟ ಮಗು ಇಲ್ಲಿ ನಿಂತುಬಿಡುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆಂದರೆ ಹೀಗೆ ಸೇರಿಸಬಹುದು: ‘ಅಮ್ಮೀಟರು ಹಾಳಾಗಿ ಪ್ರತಿ ಸಲವೂ ನಿಜವಾದ ಪ್ರವಾಹಕ್ಕಿಂತ 0.1 ಆಂಪಿಯರ್ ಹೆಚ್ಚು ತೋರಿಸುತ್ತಿದ್ದರೆ ನಕ್ಷೆ ಹೇಗೆ ಬದಲಾಗುತ್ತಿತ್ತು?’ ಬಿಂದುಗಳೆಲ್ಲ ಆಗಲೂ ಒಂದೇ ನೇರ ಗೆರೆಯ ಮೇಲೆ ಕೂರುತ್ತವೆ, ಆದರೆ ಗೆರೆ ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. ವೋಲ್ಟನ್ನು ಪ್ರವಾಹದಿಂದ ಭಾಗಿಸಿದರೆ ಒಂದೊಂದು ಸಲ ಒಂದೊಂದು ಸಂಖ್ಯೆ ಬರುತ್ತದೆ. ಇದನ್ನು ಹೇಳಬಲ್ಲ ಮಗುವಿಗೆ ನೇರ ಅನುಪಾತ ಎಂದರೇನು ಎಂಬುದು ನಿಜಕ್ಕೂ ತಿಳಿದಿದೆ. ಪಕ್ಕದವನ ಹಾಳೆ ನೋಡಿದರೂ ಪೂರ್ತಿ ಸಿಗುವುದಿಲ್ಲ, ಏಕೆಂದರೆ ಉತ್ತರ ಇರುವುದು ವಿವರಣೆಯಲ್ಲಿ. ವಿವರಣೆಯನ್ನು ಅರ್ಥವಾಗದೆ ಕದ್ದು ಬರೆದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ.

ಇದು ಬರೀ ಭೌತವಿಜ್ಞಾನದ ಮಾತಲ್ಲ. ಅಪಧಮನಿ ಮತ್ತು ಅಭಿಧಮನಿಗಳ ವ್ಯತ್ಯಾಸ ಬರೆಯಿರಿ ಎಂದರೆ ಚೀಟಿ ಸಾಕು. ಗಾಯದಿಂದ ಕಡುಗೆಂಪು ರಕ್ತ ನಿಧಾನವಾಗಿ ಒಂದೇ ಸಮನೆ ಹರಿಯುತ್ತಿದೆ, ಯಾವ ನಾಳ ತುಂಡಾಗಿರಬಹುದು, ಒಂದು ಕಾರಣ ಕೊಡಿ ಎಂದರೆ ಚೀಟಿಯ ಪಟ್ಟಿಯನ್ನು ಅರ್ಥ ಮಾಡಿಕೊಂಡವನಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಸಮಾಜ ವಿಜ್ಞಾನದಲ್ಲಿ ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳು ತಲೆತಲಾಂತರದಿಂದ ಬರುತ್ತಿರುವ ಪ್ರಶ್ನೆ. ಬ್ರಿಟಿಷ್ ಸೈನ್ಯವನ್ನು ಅರಸನೇ ಖರ್ಚು ಕೊಟ್ಟು ಇಟ್ಟುಕೊಳ್ಳಬೇಕು, ಆಸ್ಥಾನದಲ್ಲಿ ರೆಸಿಡೆಂಟ್ ಇರಬೇಕು, ಬೇರೆ ಯುರೋಪಿಯನ್ನರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಬೇರೆಯವರೊಂದಿಗೆ ಒಪ್ಪಂದ ಮಾಡಿಕೊಳ್ಳಬಾರದು. ಈ ನಾಲ್ಕನ್ನೂ ಪ್ರಶ್ನೆಯಲ್ಲೇ ಕೊಟ್ಟು, ‘ನೀವು ಒಬ್ಬ ಅರಸನ ದಿವಾನರು. ಸಹಿ ಹಾಕಿದರೆ ಹತ್ತು ವರ್ಷದಲ್ಲಿ ಖಜಾನೆಗೂ ಸಿಂಹಾಸನಕ್ಕೂ ಏನಾಗಬಹುದು ಎಂದು ಐದು ಸಾಲಿನಲ್ಲಿ ಎಚ್ಚರಿಸಿ’ ಎಂದರೆ, ಪಾಠ ಕಲಿತ ಮಗುವಿಗೂ ಬರೆಯಲು ಖುಷಿಯಾಗುತ್ತದೆ.

ಬಹು ಆಯ್ಕೆ ಪ್ರಶ್ನೆಗಳ ಕಥೆ ಬೇರೆ. ಅಲ್ಲಿ ಚೀಟಿಗಿಂತ ಪಕ್ಕದವನ ಕಣ್ಣೇ ದೊಡ್ಡ ಅಪಾಯ. ವಿವರಣೆ ಇಲ್ಲ, ಅಕ್ಷರ ಇಲ್ಲ, ಒಂದು ವೃತ್ತ ಕಪ್ಪಾಗಿದೆಯೋ ಇಲ್ಲವೋ ಎಂಬುದಷ್ಟೇ. ಬೆರಳೆತ್ತಿ ತೋರಿಸಿದರೂ ಉತ್ತರ ದಾಟಿಹೋಗುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನ ಪ್ರಾಧ್ಯಾಪಕರಾದ ಡೇವಿಡ್ ಹಾರ್ಪ್ ಮತ್ತು ಜೇಮ್ಸ್ ಹೋಗನ್ 1990ರ ದಶಕದಲ್ಲಿ ಇದರ ಬೆನ್ನು ಹತ್ತಿದರು. ಅವರು ನೋಡಿದ್ದು ಸರಿ ಉತ್ತರಗಳನ್ನಲ್ಲ, ತಪ್ಪುಗಳನ್ನು. ಚೆನ್ನಾಗಿ ಓದಿದ ಇಬ್ಬರ ಸರಿ ಉತ್ತರಗಳು ಒಂದೇ ಆಗಿರುವುದು ಸಹಜ. ಆದರೆ ಇಬ್ಬರು ಒಂದೇ ಪ್ರಶ್ನೆಯಲ್ಲಿ ಎಡವಿ, ಒಂದೇ ತಪ್ಪು ಆಯ್ಕೆಯನ್ನು ಮತ್ತೆ ಮತ್ತೆ ಗುರುತಿಸಿದ್ದರೆ? ಕಂಪ್ಯೂಟರಿನಲ್ಲಿ ಪ್ರತಿ ವಿದ್ಯಾರ್ಥಿಯ ಪತ್ರಿಕೆಯನ್ನು ಉಳಿದ ಪ್ರತಿಯೊಬ್ಬರ ಪತ್ರಿಕೆಯೊಂದಿಗೆ ಹೋಲಿಸಿ, ಇಬ್ಬರಿಗೂ ಸಮಾನವಾದ ತಪ್ಪುಗಳೆಷ್ಟು, ಇಬ್ಬರ ಉತ್ತರ ಬೇರೆಯಾಗಿರುವ ಕಡೆಗಳೆಷ್ಟು ಎಂದು ಅವರು ಲೆಕ್ಕ ಹಾಕಿದರು. ಸಮಾನ ತಪ್ಪುಗಳ ಸಂಖ್ಯೆ ವ್ಯತ್ಯಾಸಗಳ ಸಂಖ್ಯೆಯನ್ನು ಮುಟ್ಟಿದರೆ ಅಥವಾ ಮೀರಿದರೆ ಆ ಜೋಡಿಯ ಮೇಲೆ ಸಂಶಯ. ಆಮೇಲೆ ಆಸನದ ನಕ್ಷೆ ತೆಗೆದು ಅವರಿಬ್ಬರೂ ಅಕ್ಕಪಕ್ಕ ಕೂತಿದ್ದರೇ ಎಂದು ನೋಡುವುದು.

ಈ ಲೆಕ್ಕದ ಬಲವೂ ಮಿತಿಯೂ ಒಂದು ಉದಾಹರಣೆಯಲ್ಲಿ ಕಾಣುತ್ತದೆ. ನಾಲ್ಕು ಆಯ್ಕೆಗಳಲ್ಲಿ ಮೂರು ತಪ್ಪು. ಇಬ್ಬರೂ ಒಂದು ಪ್ರಶ್ನೆಯಲ್ಲಿ ತಪ್ಪಿದ್ದಾರೆ, ಇಬ್ಬರೂ ಕಣ್ಣುಮುಚ್ಚಿ ಗುರುತಿಸಿದ್ದಾರೆ ಎಂದುಕೊಂಡರೆ ಒಂದೇ ತಪ್ಪನ್ನು ಹಿಡಿಯುವ ಸಾಧ್ಯತೆ ಮೂರರಲ್ಲಿ ಒಂದು. ಒಂಬತ್ತು ಪ್ರಶ್ನೆಗಳಲ್ಲಿ ಇಬ್ಬರೂ ತಪ್ಪಿ, ಒಂಬತ್ತರಲ್ಲೂ ಅದೇ ತಪ್ಪನ್ನೇ ಗುರುತಿಸುವ ಸಾಧ್ಯತೆ 19,683ರಲ್ಲಿ ಒಂದು. ನಕಲು ಖಚಿತ ಎನ್ನಿಸುತ್ತದೆ. ಆದರೆ ಒಳ್ಳೆಯ ಪ್ರಶ್ನೆಯಲ್ಲಿ ಮೂರು ತಪ್ಪುಗಳೂ ಒಂದೇ ಸಮ ಇರುವುದಿಲ್ಲ, ಒಂದು ಹೆಚ್ಚು ಸೆಳೆಯುತ್ತದೆ. ತಪ್ಪಿದವರಲ್ಲಿ ಶೇ 60ರಷ್ಟು ಮಂದಿ ಆ ಒಂದಕ್ಕೇ ಬೀಳುತ್ತಾರೆ, ಉಳಿದವರು ಇನ್ನೆರಡಕ್ಕೆ ಸಮನಾಗಿ ಹಂಚಿಕೆಯಾಗುತ್ತಾರೆ ಎಂದಿಟ್ಟುಕೊಳ್ಳಿ. ಆಗ ಅದೇ ಸಾಧ್ಯತೆ ಸುಮಾರು 1,600ರಲ್ಲಿ ಒಂದಕ್ಕೆ ಏರುತ್ತದೆ. 300 ಮಂದಿ ಕೂತ ಪರೀಕ್ಷೆಯಲ್ಲಿ ಹೋಲಿಸಬೇಕಾದ ಜೋಡಿಗಳು 44,850. ಅಷ್ಟು ಜೋಡಿಗಳ ನಡುವೆ ನಿರಪರಾಧಿಗಳ ಉತ್ತರವೂ ಕೆಲವು ಕಡೆ ಕಾಕತಾಳೀಯವಾಗಿ ಹೊಂದಿಕೊಳ್ಳಬಹುದು. ಒಬ್ಬರೇ ಶಿಕ್ಷಕರ ಹತ್ತಿರ ಒಂದು ವಿಷಯವನ್ನು ತಪ್ಪಾಗಿ ಕಲಿತವರ ತಪ್ಪುಗಳಂತೂ ಹೊಂದಿಕೊಂಡೇ ಹೊಂದಿಕೊಳ್ಳುತ್ತವೆ. ಅದಕ್ಕೇ ಸಂಖ್ಯೆ ಮಾತ್ರ ನೋಡಿ ಯಾರನ್ನೂ ಡಿಬಾರ್ ಮಾಡಬಾರದು, ಆಸನದ ನಕ್ಷೆಯನ್ನು ನೋಡಲೇಬೇಕು.

ಹಾರ್ಪ್ ಮತ್ತು ಹೋಗನ್ ಕಂಡುಕೊಂಡ ಮುಖ್ಯ ಸಂಗತಿ ಹಿಡಿಯುವುದರಲ್ಲಿ ಇರಲಿಲ್ಲ. ಆಸನಗಳನ್ನು ಬೆರೆಸಿ, ಅದೇ ಪ್ರಶ್ನೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಮುದ್ರಿಸಿ ಹಂಚಿದಾಗ ಇಂಥ ಅನುಮಾನದ ಜೋಡಿಗಳು ಹೆಚ್ಚುಕಡಿಮೆ ಕಾಣೆಯಾದವು. ನಮ್ಮ ಸಿಇಟಿ ಬರೆದವರಿಗೆ ಇದು ಪರಿಚಿತ. ಪ್ರಶ್ನೆಪತ್ರಿಕೆಯ ಮೇಲಿನ ವರ್ಷನ್ ಕೋಡ್ ಇರುವುದೇ ಇದಕ್ಕೆ. ಪಕ್ಕದವನ 17ನೇ ಪ್ರಶ್ನೆ ನಿಮ್ಮ 17ನೆಯದಲ್ಲ.

ಶಾಲೆಯ ಕಿರುಪರೀಕ್ಷೆಗೂ ಇದನ್ನು ತರಬಹುದು, ಆದರೆ ಎಚ್ಚರದಿಂದ. ಪ್ರಶ್ನೆಗಳ ಕ್ರಮವನ್ನು ಕಂಡಾಬಟ್ಟೆ ಕಲಸಿದರೆ ಒಬ್ಬರಿಗೆ ಮೊದಲನೆಯದೇ ಕಠಿಣ ಪ್ರಶ್ನೆ ಬಂದು ಕೈ ನಡುಗುತ್ತದೆ. ಸುಲಭದವುಗಳನ್ನು ತಮ್ಮೊಳಗೆ, ಕಠಿಣದವುಗಳನ್ನು ತಮ್ಮೊಳಗೆ ಕಲಸಬೇಕು. ಆಯ್ಕೆಗಳನ್ನು ಕಲಸುವುದಾದರೆ ‘ಮೇಲಿನ ಎಲ್ಲವೂ’ ಎಂಬ ಆಯ್ಕೆ ಇರಬಾರದು, ಅದು ಮೇಲಕ್ಕೆ ಬಂದು ಕೂತರೆ ಅರ್ಥವೇ ಕೆಡುತ್ತದೆ. ಲೆಕ್ಕದ ಪ್ರಶ್ನೆಗಳಿದ್ದರೆ ಸಂಖ್ಯೆಗಳನ್ನೇ ಬದಲಿಸುವುದು ಇನ್ನೂ ಒಳ್ಳೆಯದು. ಒಂದು ಸಾಲಿನವರಿಗೆ 4 ಮತ್ತು 12 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿ 6 ವೋಲ್ಟ್ ಕೊಡಿ: ಒಟ್ಟು ರೋಧ 3 ಓಮ್, ಪ್ರವಾಹ 2 ಆಂಪಿಯರ್. ಪಕ್ಕದ ಸಾಲಿಗೆ 3 ಮತ್ತು 6 ಓಮ್, 12 ವೋಲ್ಟ್: ರೋಧ 2 ಓಮ್, ಪ್ರವಾಹ 6 ಆಂಪಿಯರ್. ಎರಡೂ ಸಮ ಸುಲಭ, ಎರಡೂ ಪೂರ್ಣಸಂಖ್ಯೆ. ಪಕ್ಕದ ಸಾಲಿಗೆ 10 ಮತ್ತು 15 ಓಮ್, 12 ವೋಲ್ಟ್ ಎಂದು ಕೊಟ್ಟಿದ್ದರೆ ಅಲ್ಲೂ ಪ್ರವಾಹ 2 ಆಂಪಿಯರೇ ಬರುತ್ತಿತ್ತು, ಶ್ರಮವೆಲ್ಲ ವ್ಯರ್ಥ. 5 ಮತ್ತು 7 ಓಮ್ ಎಂದಿದ್ದರೆ 2.9166 ಎಂದು ದಶಮಾಂಶ ಎಳೆಯುತ್ತಾ ಆ ಸಾಲಿನವರಿಗೆ ಅನ್ಯಾಯವಾಗುತ್ತಿತ್ತು. ಸಂಖ್ಯೆಗಳನ್ನು ಸರಿಯಾಗಿ ಆರಿಸಿದರೆ ಇನ್ನೊಂದು ಅನುಕೂಲವಿದೆ. ಎರಡನೇ ಸಾಲಿನ ಹುಡುಗನ ಹಾಳೆಯಲ್ಲಿ, ಹಂತಗಳಿಲ್ಲದೆ, ‘2 ಆಂಪಿಯರ್’ ಎಂದು ಕಂಡರೆ ಅದು ಎಲ್ಲಿಂದ ಬಂತೆಂದು ಕೇಳಲು ಬೇರೆ ಸಾಕ್ಷಿ ಬೇಕಿಲ್ಲ. ಮೊದಲ ದಿನ ಇಂಥವರು ಕೆಲವರು ಸಿಗುತ್ತಾರೆ. ಎರಡನೇ ಕಿರುಪರೀಕ್ಷೆಯ ಹೊತ್ತಿಗೆ ಪಕ್ಕಕ್ಕೆ ನೋಡಿ ಪ್ರಯೋಜನವಿಲ್ಲ ಎಂದು ತರಗತಿಗೆಲ್ಲ ಗೊತ್ತಾಗಿರುತ್ತದೆ.

ಹಾಗಾದರೆ ಇಂಥ ಪ್ರಶ್ನೆಗಳನ್ನೇ ಎಲ್ಲ ಕಡೆ ಏಕೆ ಕೇಳುವುದಿಲ್ಲ? ಪತ್ರಿಕೆ ತೆಗೆಯುವವರ ಕಷ್ಟ ನಿಜವಾದದ್ದು. ‘ನಿಯಮ ನಿರೂಪಿಸಿ’ ಎಂಬುದರ ಉತ್ತರವನ್ನು ಬೀದರಿನಲ್ಲಿ ಕೂತವರೂ ಚಾಮರಾಜನಗರದಲ್ಲಿ ಕೂತವರೂ ಒಂದೇ ರೀತಿ ಅಳೆಯುತ್ತಾರೆ. ದಿವಾನರ ಎಚ್ಚರಿಕೆಯ ಪತ್ರಕ್ಕೆ ಒಬ್ಬರು ಮೂರು ಅಂಕ, ಇನ್ನೊಬ್ಬರು ಒಂದು ಅಂಕ ಕೊಟ್ಟಾರು. ಇದಕ್ಕೆ ದಾರಿ ಇದೆ. ಮಾದರಿ ಉತ್ತರದ ಬದಲು, ಯಾವ ಯಾವ ತರ್ಕಕ್ಕೆ ಎಷ್ಟೆಷ್ಟು ಅಂಕ ಎಂಬ ವಿವರವಾದ ಸೂಚನೆ ಬೇಕು: ಸೈನ್ಯದ ಖರ್ಚಿನಿಂದ ಖಜಾನೆ ಬರಿದಾಗುವುದನ್ನು ಹೇಳಿದರೆ ಒಂದು, ಸ್ವಂತ ಸೈನ್ಯ ಇಲ್ಲದೆ ಅರಸ ಕೈಲಾಗದವನಾಗುವುದನ್ನು ಹೇಳಿದರೆ ಒಂದು, ಇವೆರಡನ್ನೂ ರಾಜ್ಯ ಕೈತಪ್ಪುವುದಕ್ಕೆ ಜೋಡಿಸಿದರೆ ಇನ್ನೊಂದು. ಮೌಲ್ಯಮಾಪನ ಶುರುವಾಗುವ ಮೊದಲು ಒಂದೇ ಹತ್ತು ಪತ್ರಿಕೆಯನ್ನು ಎಲ್ಲರೂ ತಿದ್ದಿ, ಅಂಕ ಹೋಲಿಸಿ, ಚರ್ಚಿಸಿ ಮುಂದುವರಿಯಬೇಕು. ಸಮಯ ಹಿಡಿಯುತ್ತದೆ. ಅಷ್ಟು ಸಮಯವನ್ನು ಕೊಡದೆ ಒಳ್ಳೆಯ ಪ್ರಶ್ನೆ ಕೇಳುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಇನ್ನೊಂದು ತೊಡಕು ಭಾಷೆಯದು. ಯೋಚಿಸಿ ಬರೆಯುವ ಪ್ರಶ್ನೆ ಎಂದರೆ ಉದ್ದದ ಪ್ರಶ್ನೆ ಎಂದು ಅನೇಕರು ತಿಳಿದಿದ್ದಾರೆ. ಅರ್ಧ ಪುಟದ ಸನ್ನಿವೇಶ, ಮೂರು ಉಪವಾಕ್ಯಗಳ ಒಂದು ವಾಕ್ಯ, ಯಾರೂ ಬಳಸದ ಸಂಸ್ಕೃತ ಪದಗಳು. ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಉರ್ದುವನ್ನೋ ಮಾತಾಡಿ ಕನ್ನಡ ಮಾಧ್ಯಮದಲ್ಲಿ ಓದುವ ಮಗು ವಿಜ್ಞಾನ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಸೋಲುತ್ತದೆ. ಹಾಗೆ ಸೋತ ಮಗು ಮುಂದಿನ ಸಲ ಚೀಟಿಯತ್ತಲೇ ತಿರುಗುತ್ತದೆ. ಮೇಲಿನ ಓಮ್ ಪ್ರಶ್ನೆಯಲ್ಲಿ ಇರುವುದು ಚಿಕ್ಕ ವಾಕ್ಯಗಳು ಮತ್ತು ಹತ್ತು ಸಂಖ್ಯೆಗಳು. ಕಷ್ಟ ಯೋಚನೆಯಲ್ಲಿ ಇರಬೇಕು, ಓದುವುದರಲ್ಲಿ ಅಲ್ಲ.

ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಯನ್ನು ಸಿಬಿಎಸ್‌ಇ 2014ರಲ್ಲಿ 9 ಮತ್ತು 11ನೇ ತರಗತಿಗಳಿಗೆ ತಂದಿತ್ತು. ಓದಬೇಕಾದ ಪಠ್ಯವನ್ನು ಮಕ್ಕಳಿಗೆ ತಿಂಗಳುಗಳ ಮೊದಲೇ ಕೊಡಲಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು. ನನಗೆ ಅದರಿಂದ ಕಾಣುವುದು ಇಷ್ಟು: ಪುಸ್ತಕ ತೆರೆದಿರುವುದು ತಾನಾಗಿ ಏನನ್ನೂ ಬದಲಿಸುವುದಿಲ್ಲ. ಯಾವ ಪಠ್ಯ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಯಾವ ಪ್ರಶ್ನೆ ಬರಬಹುದೆಂಬ ಊಹೆಯೂ ಶುರುವಾಗುತ್ತದೆ, ಊಹೆಯ ಹಿಂದೆಯೇ ಸಿದ್ಧ ಉತ್ತರ ಬರುತ್ತದೆ. ಪ್ರಶ್ನೆ ಹೊಸದಾಗಿದ್ದರೆ ಮಾತ್ರ ತೆರೆದ ಪುಸ್ತಕಕ್ಕೆ ಅರ್ಥ.

ಪ್ರಶ್ನೆಯ ಕೈಗೆ ಸಿಗದ ಅಕ್ರಮಗಳೂ ಇವೆ, ಅವನ್ನು ಪ್ರಶ್ನೆಯಿಂದ ತಡೆಯಬಹುದೆಂದು ನಂಬುವುದು ತಪ್ಪು. 2016ರಲ್ಲಿ ದ್ವಿತೀಯ ಪಿಯು ರಸಾಯನವಿಜ್ಞಾನ ಪತ್ರಿಕೆ ಎರಡು ಸಲ ಸೋರಿ, ಮಕ್ಕಳು ಏಪ್ರಿಲ್ 12ರಂದು ಮತ್ತೆ ಕೂತು ಬರೆಯಬೇಕಾಯಿತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯಲ್ಲಿ ಒಎಂಆರ್ ಹಾಳೆಗಳನ್ನೇ ತಿದ್ದಿದ್ದು ಬಯಲಾಗಿ ಅದು ರದ್ದಾಯಿತು. ಅಲ್ಲಿ ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಫಲವಿಲ್ಲ. ಅದು ಪೊಲೀಸರ, ನ್ಯಾಯಾಲಯದ, ಇಲಾಖೆಯ ಕೆಲಸ. ಆದರೆ ಮಕ್ಕಳ ಜೇಬಿನ ಚೀಟಿಯ ಕೆಲಸ ಪ್ರಶ್ನೆಪತ್ರಿಕೆ ತೆಗೆಯುವವರ ಕೈಯಲ್ಲೇ ಇದೆ.

ಪತ್ರಿಕೆ ತೆಗೆಯುವ ಶಿಕ್ಷಕರಿಗೆ ನಾನು ಸೂಚಿಸುವ ಒಂದು ಪರೀಕ್ಷೆ ಹೀಗಿದೆ. 80 ಅಂಕದ ಪತ್ರಿಕೆ ಸಿದ್ಧವಾದ ಮೇಲೆ, ಆ ವಿಷಯ ಗೊತ್ತಿಲ್ಲದ ಇನ್ನೊಬ್ಬ ಸಹೋದ್ಯೋಗಿಯನ್ನು, ವಿಜ್ಞಾನದ ಪತ್ರಿಕೆಯಾದರೆ ಭಾಷಾ ಶಿಕ್ಷಕರೊಬ್ಬರನ್ನು, ಕರೆದು ಕೂರಿಸಿ. ಅವರ ಕೈಗೆ ಪಠ್ಯಪುಸ್ತಕವನ್ನೂ ಮಾರುಕಟ್ಟೆಯ ಒಂದು ಗೈಡನ್ನೂ ಕೊಡಿ. ನೋಡಿ ಬರೆಯಲು ಹೇಳಿ, ಆಮೇಲೆ ನೀವೇ ತಿದ್ದಿ. ಅವರಿಗೆ ಬಂದ ಅಂಕವೇ ಆ ಪತ್ರಿಕೆಯಲ್ಲಿ ಚೀಟಿಗೆ ಸಿಗುವ ಅಂಕ. 60 ಬಂದರೆ ಕೊಠಡಿಗೆ ಎಷ್ಟು ಕ್ಯಾಮೆರಾ ಹಾಕಿದರೂ ಚೀಟಿಗೆ ಆಸೆ ಹೋಗುವುದಿಲ್ಲ. ಅದನ್ನು 25ಕ್ಕೆ ಇಳಿಸುವುದು ಒಂದೇ ವರ್ಷದ ಕೆಲಸವಲ್ಲ, ಒಂದೇ ಸಲ ಇಳಿಸಲೂಬಾರದು. ಜೂನ್‌ನಿಂದ ಕಿರುಪರೀಕ್ಷೆಗಳಲ್ಲಿ ಇಂಥ ಒಂದೊಂದು ಪ್ರಶ್ನೆ ಕೇಳಿ, ತರಗತಿಯಲ್ಲೇ ಅವುಗಳ ಉತ್ತರ ಚರ್ಚಿಸಿ ಅಭ್ಯಾಸ ಮಾಡಿಸದೆ ಮಾರ್ಚಿನಲ್ಲಿ ಏಕಾಏಕಿ ಕೇಳಿದರೆ ಮಕ್ಕಳು ಬೆದರುತ್ತಾರೆ. ಬೆದರಿದವರು ಚೀಟಿಯನ್ನು ಬಿಟ್ಟು ಪಕ್ಕದವನ ಹಾಳೆಗೋ ಹೊರಗಿನಿಂದ ಬರುವ ಉತ್ತರಕ್ಕೋ ಕಾಯುತ್ತಾರೆ. ಆದ್ದರಿಂದ ಮೊದಲ ವರ್ಷ ಹತ್ತು ಅಂಕದಷ್ಟು ಬದಲಿಸಿ, ಆ ಹತ್ತು ಅಂಕದಲ್ಲಿ ಯಾರು ಯಾರಿಗೆ ಎಷ್ಟು ಬಂತು, ಎಲ್ಲಿ ಎಲ್ಲರೂ ಎಡವಿದರು ಎಂದು ಪಟ್ಟಿ ಮಾಡಿಕೊಳ್ಳಿ. ಎಲ್ಲರೂ ಎಡವಿದ ಪ್ರಶ್ನೆಯ ಭಾಷೆಯನ್ನು ತಿದ್ದಿ, ಇಲ್ಲವೇ ಆ ಪಾಠವನ್ನು ಇನ್ನೊಮ್ಮೆ ಮಾಡಿ. ಮುಂದಿನ ವರ್ಷದ ಪತ್ರಿಕೆ ಆ ಪಟ್ಟಿಯಿಂದ ಶುರುವಾಗಲಿ.